ಎರಡು ಪಿನ್ನು, ಒಂದು ಮೈಕ್ರೋಮೀಟರು, ಒಂದು ಹಲ್ಲು

ಬೆಂಗಳೂರಿನ ಪೀಣ್ಯದಂಥ ಜಾಗದಲ್ಲಿ ಗೇರ್ ಕತ್ತರಿಸುವ ಸಣ್ಣ ವರ್ಕ್‌ಶಾಪುಗಳಿಗೆ ಬರುವ ಗಿರಾಕಿಗಳಲ್ಲಿ ಎಲ್ಲರೂ ಡ್ರಾಯಿಂಗ್ ತರುವುದಿಲ್ಲ. ಹಲ್ಲು ಮುರಿದ ಹಳೆಯ ಗೇರನ್ನೇ ಎಣ್ಣೆ ಬಟ್ಟೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು, "ಇದೇ ಥರದ್ದು ಇನ್ನೊಂದು ಬೇಕು ಸಾರ್" ಅನ್ನುವವರೂ ಇರುತ್ತಾರೆ. ಹಲ್ಲು ಎಣಿಸಿದರೆ 24. ಹೊರವ್ಯಾಸಕ್ಕೆ ವರ್ನಿಯರ್ ಹಿಡಿದರೆ 52 ಮಿ.ಮೀ. ಇವೆರಡು ಸಂಖ್ಯೆ ಸಿಕ್ಕರೆ ಗೇರಿನ ಮುಖ್ಯ ಅಳತೆ ಸಿಕ್ಕಂತೆ: ಹೊರವ್ಯಾಸವನ್ನು ಹಲ್ಲಿನ ಸಂಖ್ಯೆಗಿಂತ ಎರಡು ಹೆಚ್ಚಿನ ಸಂಖ್ಯೆಯಿಂದ, ಅಂದರೆ 26ರಿಂದ ಭಾಗಿಸಿದರೆ 2 ಬರುತ್ತದೆ. ಅದೇ ಮಾಡ್ಯೂಲ್.

ಮಾಡ್ಯೂಲನ್ನು ಹಲ್ಲಿನ ಸಂಖ್ಯೆಯಿಂದ ಗುಣಿಸಿದರೆ 48. ಗೇರಿನ ಮೇಲೆ ಎಲ್ಲೂ ಕಾಣದ, ಲೆಕ್ಕದಲ್ಲಿ ಮಾತ್ರ ಇರುವ ಪಿಚ್ ವೃತ್ತದ ವ್ಯಾಸ ಇದು. ವರ್ಕ್‌ಶಾಪಿನ ಮಾತಿನಲ್ಲಿ ಪಿಸಿಡಿ. ಎರಡು ಗೇರುಗಳು ಕೂಡಿ ತಿರುಗುವಾಗ ಒಂದರ ಮೇಲೊಂದು ಜಾರದೆ ಉರುಳುವುದು ಈ ವೃತ್ತಗಳೇ ಎಂದು ಭಾವಿಸಬಹುದು. ಹಲ್ಲಿನ ದಪ್ಪ ಎನ್ನುವಾಗ ನಾವು ಹೇಳುವುದು ಈ ವೃತ್ತದ ಉದ್ದಕ್ಕೆ ಅಳೆದ ದಪ್ಪವನ್ನು. 24 ಹಲ್ಲು, 24 ಸಂದು, ಒಟ್ಟು 48 ಸಮಭಾಗ. ಸುತ್ತಳತೆ 48 ಪೈ. ಆದ್ದರಿಂದ ಒಂದು ಹಲ್ಲಿನ ಪಾಲಿಗೆ 3.142 ಮಿ.ಮೀ. ಎಷ್ಟೇ ಹಲ್ಲಿರಲಿ, ಮಾಡ್ಯೂಲ್ 2ರ ಸಾದಾ ಗೇರಿನ ಹಲ್ಲು ಇಷ್ಟೇ ದಪ್ಪ.

ಲೆಕ್ಕ ಇಲ್ಲಿಯವರೆಗೆ ಸಲೀಸು. ತೊಂದರೆ ಶುರುವಾಗುವುದು ಹೊಸ ಗೇರನ್ನು ಕತ್ತರಿಸಿ ಆ 3.142 ಬಂದಿದೆಯೋ ಇಲ್ಲವೋ ಎಂದು ನೋಡಹೊರಟಾಗ. ಹಲ್ಲಿನ ಎರಡೂ ಪಕ್ಕ ಬಾಗಿವೆ, ತುದಿಗೆ ಹೋದಂತೆ ಕಿರಿದಾಗುತ್ತವೆ. ಅಳೆಯಬೇಕಾದ ವೃತ್ತ ಕಣ್ಣಿಗೆ ಕಾಣುವುದಿಲ್ಲ. ಅಳತೆಯೋ ಕಮಾನಿನಂತೆ ಬಾಗಿದ ದಾರಿಯಲ್ಲಿದೆ. ಮೈಕ್ರೋಮೀಟರಿನ ಚಪ್ಪಟೆ ಮುಖಗಳನ್ನು ಎಲ್ಲಿ ಇಡುವುದು?

ಇದಕ್ಕೆಂದೇ ಗೇರ್ ಟೂತ್ ವರ್ನಿಯರ್ ಎಂಬ ಉಪಕರಣವಿದೆ. ಒಂದು ಸ್ಕೇಲನ್ನು ಹಲ್ಲಿನ ತುದಿಯಿಂದ ಇಷ್ಟು ಕೆಳಗೆ ಎಂದು ಹೊಂದಿಸಿ, ಇನ್ನೊಂದು ಸ್ಕೇಲಿನಲ್ಲಿ ಅಲ್ಲಿನ ದಪ್ಪ ಓದುವುದು. ನಮ್ಮ ಗೇರಿಗೆ ಆ ಆಳ 2.05 ಮಿ.ಮೀ. ಆದರೆ ಇದು ತುದಿಯನ್ನು ನಂಬಿ ಮಾಡುವ ಅಳತೆ. ಟರ್ನರ್ ಬ್ಲಾಂಕನ್ನು 52ರ ಬದಲು 51.9ಕ್ಕೆ ತಿರುಗಿಸಿದ್ದರೆ ಗೇರಿಗೆ ಏನೂ ಆಗುವುದಿಲ್ಲ, ಅದು ಚೆನ್ನಾಗಿಯೇ ಓಡುತ್ತದೆ. ವರ್ನಿಯರ್ ಮಾತ್ರ 0.05 ಮಿ.ಮೀ. ಹೆಚ್ಚು ಆಳಕ್ಕೆ ಇಳಿದು, ಹಲ್ಲು 0.036 ಮಿ.ಮೀ. ದಪ್ಪ ಇದೆ ಎಂದು ಸುಳ್ಳು ಹೇಳುತ್ತದೆ. ಮೇಲಾಗಿ ಅದರ ಜಾಗಳ ಚೂಪು ಅಂಚು ಬಾಗಿದ ಪಕ್ಕಕ್ಕೆ ತಾಗುವುದರಿಂದ ಕೈಯಿಂದ ಕೈಗೆ ಓದು ಬದಲಾಗುತ್ತದೆ. ಒರಟು ಕೆಲಸಕ್ಕೆ ಸರಿ, ಬಿಗಿ ಕೆಲಸಕ್ಕೆ ನಾನಂತೂ ಅದನ್ನು ನೆಚ್ಚುವುದಿಲ್ಲ.

ಪಿನ್ನಿನ ಉಪಾಯ ಬೇರೆಯೇ ದಾರಿ ಹಿಡಿಯುತ್ತದೆ. ಎದುರುಬದುರಾದ ಎರಡು ಸಂದುಗಳಲ್ಲಿ ಒಂದೇ ವ್ಯಾಸದ ಎರಡು ಉರುಟು ಪಿನ್ನುಗಳನ್ನು ಕೂರಿಸಿ, ಅವುಗಳ ಹೊರಗಿನಿಂದ ಹೊರಕ್ಕೆ ಸಾಧಾರಣ ಮೈಕ್ರೋಮೀಟರಿನಲ್ಲಿ ಅಳೆಯುವುದು. ಹಲ್ಲು ದಪ್ಪವಾಗಿದ್ದರೆ ಸಂದು ಕಿರಿದು, ಪಿನ್ ಮೇಲೆ ನಿಲ್ಲುತ್ತದೆ, ಓದು ಹೆಚ್ಚುತ್ತದೆ. ಹಲ್ಲು ತೆಳುವಾಗಿದ್ದರೆ ಪಿನ್ ಒಳಗೆ ಇಳಿಯುತ್ತದೆ, ಓದು ಕಡಿಮೆಯಾಗುತ್ತದೆ. ತುದಿಯ ವ್ಯಾಸ ಏನೇ ಇರಲಿ, ಪಿನ್ನಿಗೆ ಅದರ ಗೊಡವೆಯಿಲ್ಲ. ಅದು ಮುಟ್ಟುವುದು ಕೆಲಸ ಮಾಡುವ ಪಕ್ಕಗಳನ್ನೇ. ಹಲ್ಲು 3.142 ಇದ್ದರೆ ಮೈಕ್ರೋಮೀಟರು ಎಷ್ಟು ತೋರಿಸಬೇಕು ಎಂಬುದೊಂದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡರೆ ಸಾಕು.

ಈ ಲೆಕ್ಕ ಸಾಧ್ಯವಾಗುವುದು ಹಲ್ಲಿನ ಪಕ್ಕದ ಆಕಾರ ಮನಸೋಇಚ್ಛೆಯದಲ್ಲ ಎಂಬ ಕಾರಣಕ್ಕೆ. ಅದು ಇನ್‌ವಲ್ಯೂಟ್ ಎಂಬ ವಕ್ರರೇಖೆ. ಉರುಳೆಗೆ ಸುತ್ತಿದ ದಾರವನ್ನು ಬಿಗಿಯಾಗಿ ಎಳೆದುಕೊಂಡೇ ಬಿಚ್ಚುತ್ತ ಹೋದರೆ ದಾರದ ತುದಿ ಗಾಳಿಯಲ್ಲಿ ಬರೆಯುವ ಗೆರೆಯೇ ಇನ್‌ವಲ್ಯೂಟ್. ಆ ಉರುಳೆಯ ದುಂಡನ್ನು ಬೇಸ್ ವೃತ್ತ ಎನ್ನುತ್ತಾರೆ. ಹದಿನೆಂಟನೇ ಶತಮಾನದಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಗೇರಿನ ಹಲ್ಲಿಗೆ ಈ ಗೆರೆ ಹೊಂದುತ್ತದೆ ಎಂದು ತೋರಿಸಿದ. ಇಂದು ಯಂತ್ರಗಳಲ್ಲಿ ಕಾಣುವ ಬಹುಪಾಲು ಗೇರುಗಳು ಇದೇ ಆಕಾರದವು. ಈಗ ಬಳಕೆಯಲ್ಲಿರುವ ಪ್ರೆಷರ್ ಕೋನ 20 ಡಿಗ್ರಿ. ಬೇಸ್ ವೃತ್ತದ ವ್ಯಾಸವೆಂದರೆ ಪಿಚ್ ವ್ಯಾಸ ಗುಣಿಸು ಆ ಕೋನದ ಕೊಸೈನ್. ನಮ್ಮ ಗೇರಿಗೆ 48 × 0.93969, ಅಂದರೆ 45.105 ಮಿ.ಮೀ.

ಈ ದಾರದಲ್ಲಿ ಒಂದು ಸೊಗಸಿದೆ. ಬಿಗಿದ ದಾರ ಯಾವಾಗಲೂ ತಾನು ಬರೆಯುವ ಗೆರೆಗೆ ಲಂಬವಾಗಿರುತ್ತದೆ. ಪಿನ್ ಹಲ್ಲಿನ ಪಕ್ಕವನ್ನು ಎಲ್ಲೇ ಮುಟ್ಟಿದರೂ ಅದರ ಕೇಂದ್ರ ಇರುವುದು ಆ ಲಂಬದ ಮೇಲೆ, ಪಿನ್ನಿನ ಅರ್ಧ ವ್ಯಾಸದಷ್ಟು ಹೊರಗೆ. ಅಂದರೆ ಅದೇ ದಾರದ ಮೇಲೆಯೇ. ಹಾಗಾಗಿ ಪಿನ್ನಿನ ಕೇಂದ್ರ ಓಡಾಡುವ ಗೆರೆಯೂ ಅದೇ ಉರುಳೆಯ ಇನ್ನೊಂದು ಇನ್‌ವಲ್ಯೂಟ್, ಹಲ್ಲನ್ನು ಪಿನ್ನಿನ ಅರ್ಧ ವ್ಯಾಸದಷ್ಟು ಉಬ್ಬಿಸಿದ ಹಾಗೆ. ಸಂದಿನ ಎರಡೂ ಕಡೆಯ ಹಲ್ಲುಗಳನ್ನು ಹೀಗೆ ಉಬ್ಬಿಸಿದರೆ ಎರಡು ಗೆರೆಗಳೂ ಸಂದಿನ ನಟ್ಟನಡುವೆ ಒಂದು ಬಿಂದುವಿನಲ್ಲಿ ಸೇರುತ್ತವೆ. ಪಿನ್ ನಿಲ್ಲುವುದು ಅಲ್ಲೇ.

ಆ ಬಿಂದುವನ್ನು ಹುಡುಕುವ ಸೂತ್ರ ಇಷ್ಟು. ಇಲ್ಲಿ m ಮಾಡ್ಯೂಲ್, z ಹಲ್ಲಿನ ಸಂಖ್ಯೆ, d ಪಿನ್ನಿನ ವ್ಯಾಸ, M ಪಿನ್ನುಗಳ ಮೇಲಿನ ಅಳತೆ.

```
inv φ  = tan φ − φ        (φ ರೇಡಿಯನ್‌ನಲ್ಲಿ)
inv φ₂ = inv 20° + d/(m·z·cos 20°) − π/(2z)
M      = m·z·cos 20° / cos φ₂ + d
```

ಎರಡನೆಯ ಸಾಲಿನ ಮೂರು ಪದಗಳಿಗೂ ಈಗ ಅರ್ಥ ಹೇಳಬಹುದು. ಸಂದಿನ ನಡುಗೆರೆಯಿಂದ ಹಲ್ಲಿನ ಪಕ್ಕದವರೆಗೆ ಪಿಚ್ ವೃತ್ತದಲ್ಲಿರುವ ಕೋನ π/(2z). ಸಂದು ಕೆಳಗೆ ಹೋದಂತೆ ಕಿರಿದಾಗುವುದರಿಂದ ಬೇಸ್ ವೃತ್ತದಲ್ಲಿ ಆ ಕೋನ inv 20°ಯಷ್ಟು ಕಡಿಮೆ. ಪಿನ್ನಿಗಾಗಿ ಹಲ್ಲನ್ನು ಉಬ್ಬಿಸಿದಾಗ ಬೇಸ್ ವೃತ್ತದಲ್ಲಿ ಅದರ ಬುಡ ಮಧ್ಯದ ಪದದಷ್ಟು ಸರಿದು ಸಂದಿನ ನಡುಗೆರೆಯನ್ನೂ ದಾಟಿ ಹೋಗುತ್ತದೆ. ಎಷ್ಟು ದಾಟಿತು ಎಂಬುದೇ inv φ₂. ಗೆರೆ ಮೇಲೇರುತ್ತ ಅಷ್ಟೇ ಕೋನ ಹಿಂದಕ್ಕೆ ಬಾಗಿ ನಡುಗೆರೆಗೆ ಬಂದಾಗ ಪಿನ್ನಿನ ಕೇಂದ್ರ ಸಿಗುತ್ತದೆ.

ನಮ್ಮ ಗೇರಿಗೆ 3.5 ಮಿ.ಮೀ. ಪಿನ್ ಹಾಕೋಣ. inv 20° ಎಂದರೆ 0.363970ರಲ್ಲಿ 0.349066 ಕಳೆದು 0.014904. ಮಧ್ಯದ ಪದ 3.5 ಭಾಗಿಸು 45.105, ಅಂದರೆ 0.077596. ಕೊನೆಯದು ಪೈ ಭಾಗಿಸು 48, ಅಂದರೆ 0.065450. ಕೂಡಿ ಕಳೆದರೆ 0.027051. ಇನ್ನು ಯಾವ ಕೋನದ ಇನ್‌ವಲ್ಯೂಟ್ 0.027051 ಎಂದು ಹುಡುಕಬೇಕು. ಇದಕ್ಕೆ ನೇರ ಸೂತ್ರವಿಲ್ಲ, ಅಂದಾಜಿಸಿ ಹತ್ತಿರವಾಗಬೇಕು. 24 ಡಿಗ್ರಿಗೆ 0.026350, 24.5 ಡಿಗ್ರಿಗೆ 0.028121 ಬರುತ್ತದೆ. ನಮ್ಮದು ಇವೆರಡರ ನಡುವೆ, ಕೆಳಗಿನದಕ್ಕೆ ಹತ್ತಿರ. 24.2 ಹಾಕಿ ನೋಡಿದರೆ 0.027048. ಸಾಕು. 24.2 ಡಿಗ್ರಿಯ ಕೊಸೈನ್ 0.91212, 45.105ನ್ನು ಅದರಿಂದ ಭಾಗಿಸಿ 3.5 ಕೂಡಿಸಿದರೆ 52.951 ಮಿ.ಮೀ. ಹಲ್ಲು ಸರಿಯಾಗಿ 3.142 ಇದ್ದರೆ ಮೈಕ್ರೋಮೀಟರು ತೋರಿಸಬೇಕಾದ ಸಂಖ್ಯೆ ಇದು.

ಕ್ಯಾಲ್ಕುಲೇಟರಿನಲ್ಲಿ ಎಡವುವುದು ಎರಡು ಕಡೆ. ಟ್ಯಾನ್ ಬಟನ್ ಡಿಗ್ರಿಯಲ್ಲಿ ಕೆಲಸ ಮಾಡುತ್ತಿರುವಾಗ, ಕಳೆಯಬೇಕಾದ ಕೋನವನ್ನು ರೇಡಿಯನ್ನಿಗೆ ಬದಲಿಸಲು ಮರೆಯುವುದು ಒಂದು; ಆಗ ಬರುವ ಉತ್ತರ ಎಷ್ಟು ಅಸಂಬದ್ಧ ಎಂದರೆ ಕೂಡಲೇ ಗೊತ್ತಾಗುತ್ತದೆ. ಎರಡನೆಯದು ಮೋಸದ್ದು: ದಶಮಾಂಶಗಳನ್ನು ಬೇಗ ಕತ್ತರಿಸಿಬಿಡುವುದು. ಇನ್‌ವಲ್ಯೂಟಿನಲ್ಲಿ 0.0001 ಆಚೀಚೆಯಾದರೆ ಈ ಗೇರಿನಲ್ಲಿ ಉತ್ತರ 11 ಮೈಕ್ರಾನ್ ತಪ್ಪುತ್ತದೆ. ಆರು ದಶಮಾಂಶ ಇಟ್ಟುಕೊಂಡೇ ನಡೆಯುವುದು ಒಳ್ಳೆಯದು.

3.5 ಮಿ.ಮೀ. ಯಾಕೆ? ಪಿನ್ನಿನ ವ್ಯಾಸವನ್ನು ಮಾಡ್ಯೂಲಿನ 1.728 ಪಟ್ಟು ಇಡುವ ರೂಢಿ ಅಮೆರಿಕದ ಹಳೆಯ ಕೋಷ್ಟಕಗಳಿಂದ ಬಂದಿದೆ. ನಮಗೆ ಅದು 3.456 ಆಗುತ್ತದೆ, ಅಂಗಡಿಯಲ್ಲಿ ಕೇಳಿದರೆ ಸಿಗುವ ಅಳತೆಯಲ್ಲ. ಆದರೆ ಸೂತ್ರ ಕೈಯಲ್ಲಿರುವಾಗ ಆ ಸಂಖ್ಯೆಗೇ ಅಂಟಿಕೊಳ್ಳಬೇಕಿಲ್ಲ. ಬೇರಿಂಗ್ ಅಂಗಡಿಯಲ್ಲಿ ಸಿಗುವ 3.5ರ ನೀಡಲ್ ರೋಲರ್ ಚೆನ್ನಾಗಿ ಹೊಂದುತ್ತದೆ. ಅದು ಹಲ್ಲನ್ನು ಮುಟ್ಟುವ ಜಾಗ 48.12 ವ್ಯಾಸದಲ್ಲಿ ಬರುತ್ತದೆ, ಅಂದರೆ ಪಿಚ್ ವೃತ್ತದ ಪಕ್ಕದಲ್ಲೇ. ದಪ್ಪ ಎಲ್ಲಿ ಬೇಕೋ ಅಲ್ಲೇ ಅಳೆದಂತಾಯಿತು.

ಅದೇ 3 ಮಿ.ಮೀ. ಪಿನ್ ಹಾಕಿದರೆ ಲೆಕ್ಕದಲ್ಲಿ 51.14 ಬರುತ್ತದೆ. ಹೊರವ್ಯಾಸವೇ 52! ಪಿನ್ ಹಲ್ಲಿನ ತುದಿಗಿಂತ ಕೆಳಗೆ ಹುದುಗಿಹೋಗಿದೆ. ಮೈಕ್ರೋಮೀಟರು ಪಿನ್ನನ್ನು ಮುಟ್ಟದೆ ಹಲ್ಲಿನ ತುದಿಯನ್ನೇ ಅಳೆಯುತ್ತದೆ. 4 ಮಿ.ಮೀ. ಹಾಕಿದರೆ 54.608, ಮುಟ್ಟುವ ಜಾಗ 48.92 ವ್ಯಾಸಕ್ಕೆ ಏರುತ್ತದೆ, ಆದರೂ ಹಲ್ಲಿನ ಪಕ್ಕದ ಮೇಲೇ ಇದೆ, ಹಾಗಾಗಿ ಅದೂ ನಡೆಯುತ್ತದೆ. ತೀರ ದೊಡ್ಡದಾದರೆ ಪಿನ್ ತುದಿಯ ಮೂಲೆಯ ಮೇಲೆ ಸವಾರಿ ಮಾಡಿ ಇಡೀ ಲೆಕ್ಕ ಕೆಡುತ್ತದೆ.

ಇನ್ನು 52.951 ಎನ್ನುವುದು ಗುರಿಯಲ್ಲ, ಅದು ಅಂಚು. ಎರಡೂ ಗೇರುಗಳ ಹಲ್ಲು ಕರಾರುವಾಕ್ಕಾಗಿ 3.142 ಇದ್ದು ಕೇಂದ್ರದೂರವೂ ಕರಾರುವಾಕ್ಕಾಗಿದ್ದರೆ ಹಲ್ಲುಗಳ ನಡುವೆ ಎಣ್ಣೆಗೂ ಜಾಗವಿರದು. ಬಿಸಿಯಾದ ಕೂಡಲೇ ಗೇರು ಹಿಡಿದುಕೊಳ್ಳುತ್ತದೆ. ಅದಕ್ಕೇ ಹಲ್ಲನ್ನು ಬೇಕೆಂದೇ ಸ್ವಲ್ಪ ತೆಳುವಾಗಿಸುತ್ತಾರೆ. ಆ ಸಡಿಲವೇ ಬ್ಯಾಕ್‌ಲ್ಯಾಶ್. ಎಷ್ಟು ತೆಳು ಎಂಬುದನ್ನು ಯಂತ್ರದ ಕೆಲಸ ನಿರ್ಧರಿಸುತ್ತದೆ. ನಮ್ಮ ಗೇರಿನ ಹಲ್ಲು 0.05ರಿಂದ 0.09 ಮಿ.ಮೀ.ವರೆಗೆ ತೆಳುವಾಗಿರಲಿ ಎಂದು ಇಟ್ಟುಕೊಳ್ಳೋಣ. ಜೊತೆಯ ಗೇರೂ ಹಾಗೇ ಇದ್ದರೆ ಒಟ್ಟು ಸಡಿಲ 0.10ರಿಂದ 0.18.

ಇದನ್ನು ಪಿನ್ನಿನ ಭಾಷೆಗೆ ತರುವಾಗ ಈ ವಿಧಾನದ ದೊಡ್ಡ ಅನುಕೂಲ ಕಾಣುತ್ತದೆ. ಹಲ್ಲಿನ ದಪ್ಪದಲ್ಲಿ ಆಗುವ ಬದಲಾವಣೆ ಓದಿನಲ್ಲಿ ಹಿಗ್ಗಿ ಬರುತ್ತದೆ. ಎಷ್ಟು ಪಟ್ಟು ಎಂದರೆ 20 ಡಿಗ್ರಿಯ ಕೊಸೈನನ್ನು φ₂ರ ಸೈನ್‌ನಿಂದ ಭಾಗಿಸಿದಷ್ಟು, ಇಲ್ಲಿ ಸುಮಾರು 2.3 ಪಟ್ಟು. ಹಲ್ಲು 0.05 ತೆಳುವಾದರೆ ಓದು 52.836ಕ್ಕೆ ಇಳಿಯುತ್ತದೆ, 0.09 ತೆಳುವಾದರೆ 52.743ಕ್ಕೆ. ದಪ್ಪದಲ್ಲಿ ಕೇವಲ 40 ಮೈಕ್ರಾನಿದ್ದ ಅವಕಾಶ ಮೈಕ್ರೋಮೀಟರಿನಲ್ಲಿ 93 ಮೈಕ್ರಾನ್ ಅಗಲವಾಗಿ ಸಿಕ್ಕಿತು. ನೂರನೇ ಒಂದು ಮಿ.ಮೀ. ಓದುವ ಸಾಧಾರಣ ಮೈಕ್ರೋಮೀಟರಿಗೂ ಇದು ಸುಲಭದ ಕೆಲಸ.

ಗೇರನ್ನು ಮೆಷಿನ್‌ನಿಂದ ಇಳಿಸುವ ಮೊದಲೇ ಈ ಅಳತೆ ಮಾಡಬಹುದು ಎಂಬುದು ಹಾಬಿಂಗ್ ಮಾಡುವವರಿಗೆ ಇನ್ನೂ ಉಪಯೋಗದ ಮಾತು. ಹಾಬನ್ನು ಒಂದಷ್ಟು ಆಳಕ್ಕೆ ಇಳಿಸಿದರೆ ಹಲ್ಲು ಅದರ 0.73 ಪಟ್ಟು ತೆಳುವಾಗುತ್ತದೆ, 20 ಡಿಗ್ರಿಯ ಟ್ಯಾನಿನ ಎರಡರಷ್ಟು. ಅದಕ್ಕೆ ಮೇಲಿನ 2.3 ಗುಣಿಸಿದರೆ, ಆಳ 1 ಕೊಟ್ಟರೆ ಓದು ಸುಮಾರು 1.67 ಇಳಿಯುತ್ತದೆ ಎಂದಾಯಿತು. ಮೊದಲ ಕಟ್ ಆದ ಮೇಲೆ ಅಳೆದಾಗ 53.21 ಬಂತು ಎನ್ನಿ. ಮಿತಿಗಳ ನಡುವಿನ 52.79 ನಮ್ಮ ಗುರಿ. ಇಳಿಯಬೇಕಾದದ್ದು 0.42, ಅದನ್ನು 1.67ರಿಂದ ಭಾಗಿಸಿದರೆ ಇನ್ನು ಕೊಡಬೇಕಾದ ಆಳ 0.25 ಮಿ.ಮೀ. ಅನುಭವಸ್ಥರು ಒಮ್ಮೆಗೇ 0.25 ಕೊಡುವುದಿಲ್ಲ. 0.20 ಕೊಟ್ಟು ಮತ್ತೆ ಅಳೆಯುತ್ತಾರೆ, ಓದು 52.88ರ ಆಸುಪಾಸು ಬಂದರೆ ಮೆಷಿನ್ ಹೇಳಿದ ಮಾತು ಕೇಳುತ್ತಿದೆ ಎಂದರ್ಥ, ಆಮೇಲೆ ಉಳಿದದ್ದು. ಮಿಲ್ಲಿಂಗ್ ಮೆಷಿನ್ನಿನಲ್ಲಿ ಡಿಸ್ಕ್ ಕಟರ್ ಹಾಕಿ ಒಂದೊಂದೇ ಹಲ್ಲು ಕತ್ತರಿಸುವವರಿಗೂ ಈ ಲೆಕ್ಕ ದಾರಿ ತೋರಿಸುತ್ತದೆ. ಆದರೆ ಅಲ್ಲಿ ಕಟರಿನ ಆಕಾರವೇ ಹಲ್ಲಿಗೆ ಅಂದಾಜಿನ ಆಕಾರ ಕೊಡುವುದರಿಂದ ಲೆಕ್ಕ ಕರಾರುವಾಕ್ ಅಲ್ಲ.

ಹಿಗ್ಗಿಸುವ ಗುಣ ನಮ್ಮ ಪರವಾಗಿ ಮಾತ್ರ ಕೆಲಸ ಮಾಡುವುದಿಲ್ಲ. ಪಿನ್ನಿನ ವ್ಯಾಸದಲ್ಲಿ ತಪ್ಪಿದ್ದರೆ ಅದು ಇನ್ನೂ ಹೆಚ್ಚಾಗಿ ಹಿಗ್ಗುತ್ತದೆ. ಈ ಗೇರಿನಲ್ಲಿ ಅದು 3.44 ಪಟ್ಟು. ಪಿನ್ 3.500 ಎಂದುಕೊಂಡದ್ದು ನಿಜಕ್ಕೂ 3.490 ಇದ್ದರೆ ಓದು 0.034 ಕಡಿಮೆ ಬರುತ್ತದೆ. ಅಳೆಯುವವನು ಅದನ್ನು ನೋಡಿ ಹಲ್ಲು 15 ಮೈಕ್ರಾನ್ ತೆಳುವಾಗಿದೆ ಎಂದುಕೊಳ್ಳುತ್ತಾನೆ. ಕೈಗೆ ಸಿಕ್ಕಿದ ಎರಡು ಡ್ರಿಲ್ ಬಿಟ್‌ಗಳ ಶ್ಯಾಂಕನ್ನು ಪಿನ್ನಾಗಿ ಬಳಸುವ ಅಭ್ಯಾಸ ಇಲ್ಲೇ ಕೆಡಿಸುವುದು. ಡ್ರಿಲ್ಲಿನ ಶ್ಯಾಂಕ್ ಹೆಸರಿನ ಅಳತೆಗಿಂತ ಸಣ್ಣದಿರುತ್ತದೆ. ಡ್ರಿಲ್ ಚಕ್ಕಿನಲ್ಲಿ ಜಾರಿ ಗೀಚಿಕೊಂಡಿದ್ದರಂತೂ ಮುಗಿಯಿತು. ನೀಡಲ್ ರೋಲರ್ ಒಂದೇ ಪೊಟ್ಟಣದವು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಆದರೆ ಅವೂ ಹೆಸರಿಗಿಂತ ಕೆಲವು ಮೈಕ್ರಾನ್ ಸಣ್ಣದಿರಬಹುದು. ಪಿನ್ನನ್ನು ಮೊದಲು ಮೈಕ್ರೋಮೀಟರಿನಲ್ಲಿ ಅಳೆದು, ಬಂದ ವ್ಯಾಸವನ್ನೇ ಸೂತ್ರಕ್ಕೆ ಹಾಕುವುದು ಸರಿಯಾದ ಕ್ರಮ. 3.496 ಬಂದರೆ 3.496 ಎಂದೇ ಹಾಕಿ.

ಅಳೆಯುವಾಗ ಕೈಗಳು ಸಾಲುವುದಿಲ್ಲ ಎಂಬುದು ಎಲ್ಲರ ದೂರು. ಎರಡು ಪಿನ್ನು ಬೀಳದಂತೆ ಹಿಡಿಯಬೇಕು, ಮೈಕ್ರೋಮೀಟರು ಹಿಡಿಯಬೇಕು, ತಿರುಗಿಸಬೇಕು. ಸಂದಿಗೆ ಒಂಚೂರು ಗ್ರೀಸ್ ಹಚ್ಚಿದರೆ ಪಿನ್ ಅಂಟಿಕೊಂಡು ನಿಲ್ಲುತ್ತದೆ, ಇಲ್ಲವೇ ಪಿನ್ನಿನ ತುದಿಗಳಿಗೆ ಸುತ್ತು ಹಾಕಿ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ. ಮೊದಲು ಹಲ್ಲಿನ ಅಂಚಿನ ಬರ್ ತೆಗೆದು, ಕೂಲೆಂಟು, ಚೂರು ಎಲ್ಲ ಒರೆಸಬೇಕು. ಆಮೇಲೆ ಮೈಕ್ರೋಮೀಟರನ್ನು ಮೆಲ್ಲಗೆ ತೂಗುತ್ತ ರ‍್ಯಾಚೆಟ್ ತಿರುಗಿಸಿ ಅತಿ ಹೆಚ್ಚಿನ ಓದನ್ನು ಹುಡುಕಬೇಕು, ಏಕೆಂದರೆ ಮುಖ ಪಿನ್ನಿನ ನೆತ್ತಿಗಿಂತ ಪಕ್ಕದಲ್ಲಿ ಕೂತರೆ ಓದು ಕಡಿಮೆಯೇ ಬರುತ್ತದೆ. ಹಲ್ಲಿನ ಉದ್ದಕ್ಕೆ ಎರಡೂ ತುದಿಗಳಲ್ಲಿ ನೋಡಿ. ಬೇರೆ ಬೇರೆ ಬಂದರೆ ಹಲ್ಲು ಒಂದು ಕಡೆಗೆ ಟೇಪರ್ ಆಗಿದೆ.

ಹಲ್ಲಿನ ಸಂಖ್ಯೆ ಬೆಸವಾಗಿದ್ದರೆ ಇನ್ನೊಂದು ತಿರುವು ಇದೆ. 25 ಹಲ್ಲಿನ ಗೇರಿನಲ್ಲಿ ಒಂದು ಸಂದಿನ ಎದುರಿಗೆ ಸರಿಯಾಗಿ ಹಲ್ಲು ಬರುತ್ತದೆ, ಸಂದು ಬರುವುದಿಲ್ಲ. ಎರಡನೇ ಪಿನ್ನನ್ನು ಎದುರಿನ ಹಲ್ಲಿನ ಎಡಕ್ಕೋ ಬಲಕ್ಕೋ ಇಡಬೇಕಾಗುವುದರಿಂದ ಪಿನ್ನುಗಳು ಒಂದೇ ವ್ಯಾಸರೇಖೆಯ ಮೇಲಿರದೆ ಸ್ವಲ್ಪ ಓರೆಯಾಗಿ ನಿಲ್ಲುತ್ತವೆ. ಮೂರನೇ ಸಾಲಿನಲ್ಲಿ, ಪಿನ್ ಕೂಡಿಸುವ ಮೊದಲು, 90 ಡಿಗ್ರಿಯನ್ನು ಹಲ್ಲಿನ ಸಂಖ್ಯೆಯಿಂದ ಭಾಗಿಸಿ ಆ ಕೋನದ ಕೊಸೈನನ್ನು ಗುಣಿಸಬೇಕು. ಮಾಡ್ಯೂಲ್ 2, 25 ಹಲ್ಲು, ಅದೇ 3.5 ಪಿನ್ನಿಗೆ ಸರಿಯಾದ ಉತ್ತರ 54.854. ಗುಣಿಸಲು ಮರೆತರೆ 54.956. ವ್ಯತ್ಯಾಸ 0.10 ಮಿ.ಮೀ. ನೋಡಲು ಅಷ್ಟೇನೂ ಅಲ್ಲ ಅನಿಸುತ್ತದೆ, ಅದೇ ಅದರ ಅಪಾಯ. ಸರಿಯಾಗಿ ಕತ್ತರಿಸಿದ ಗೇರನ್ನು ಹಲ್ಲು ತೆಳು ಎಂದು ಪಕ್ಕಕ್ಕೆ ಎಸೆಯಲೂ, ದಪ್ಪ ಹಲ್ಲಿನ ಗೇರನ್ನು ಪಾಸು ಮಾಡಲೂ ಇಷ್ಟು ಸಾಕು. ಹಲ್ಲಿನ ಸಂಖ್ಯೆ ಕಡಿಮೆಯಿದ್ದಷ್ಟೂ ಈ ತಪ್ಪು ದೊಡ್ಡದಾಗುತ್ತದೆ.

ಎದುರುಬದುರು ಪಿನ್ನಿಡುವ ಈ ಅಳತೆಗೆ ಒಂದು ಕುರುಡು ಜಾಗವಿದೆ. ಬೋರಿಗೂ ಹಲ್ಲಿನ ಸುತ್ತಿಗೂ ಕೇಂದ್ರ ಒಂದೇ ಇಲ್ಲದಿದ್ದರೆ, ಅಂದರೆ ಗೇರು ಔಟ್ ಇದ್ದರೆ, ಒಂದು ಕಡೆ ಪಿನ್ ಎಷ್ಟು ಹೊರಗೆ ಬರುತ್ತದೋ ಎದುರು ಕಡೆ ಅಷ್ಟೇ ಒಳಗೆ ಹೋಗಿರುತ್ತದೆ. ಮೈಕ್ರೋಮೀಟರಿನ ಓದು ಬದಲಾಗುವುದೇ ಇಲ್ಲ. ಸುತ್ತ ಎಲ್ಲಿ ಅಳೆದರೂ 52.79 ಬರುವ ಗೇರು ಮೆಷಿನ್ನಿನಲ್ಲಿ ಒಂದು ಸುತ್ತಿಗೊಮ್ಮೆ ಗುಂಯ್ ಎಂದು ಸದ್ದು ಮಾಡಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಅದಕ್ಕೆ ಮದ್ದು ಒಂದೇ ಪಿನ್. ಗೇರನ್ನು ಮ್ಯಾಂಡ್ರೆಲ್ಲಿಗೆ ಹಾಕಿ ಸೆಂಟರುಗಳ ನಡುವೆ ಹಿಡಿದು, ಒಂದೊಂದು ಸಂದಿನಲ್ಲೂ ಅದೇ ಪಿನ್ನಿಟ್ಟು ಅದರ ನೆತ್ತಿಗೆ ಡಯಲ್ ಇಂಡಿಕೇಟರ್ ತಾಗಿಸಿ ನೋಡಬೇಕು. ಮುಳ್ಳು ಅರ್ಧ ಸುತ್ತು ಏರಿ ಅರ್ಧ ಸುತ್ತು ಇಳಿದರೆ ಕತೆ ಗೊತ್ತಾಯಿತು.

ಇಷ್ಟರಲ್ಲಿ ನಾವು 20 ಡಿಗ್ರಿ ಎಂದು ನಂಬಿಕೊಂಡೇ ಬಂದಿದ್ದೇವೆ. ಹಳೆಯ ಯಂತ್ರಗಳಲ್ಲಿ 14.5 ಡಿಗ್ರಿಯ ಗೇರುಗಳೂ ಇವೆ. ಹೊರವ್ಯಾಸ, ಹಲ್ಲಿನ ಸಂಖ್ಯೆ ಎರಡರಿಂದಲೂ ಅದು ಗೊತ್ತಾಗದು. ಕಣ್ಣಿಗೂ ಸುಲಭಕ್ಕೆ ತಿಳಿಯದು. ತಪ್ಪು ಕೋನದ ಗೇರು ಜೊತೆಯದರೊಂದಿಗೆ ಕೂಡುತ್ತದೆ, ತಿರುಗುತ್ತದೆ ಕೂಡ, ಆದರೆ ಕೂಗುತ್ತದೆ, ಬೇಗ ಸವೆಯುತ್ತದೆ. ಪಿನ್ನಿನ ವಿಧಾನದ ಅತಿ ಚೆಂದದ ಉಪಯೋಗ ನನ್ನ ಪ್ರಕಾರ ಇಲ್ಲಿದೆ: ಒಂದೇ ಗೇರನ್ನು ಎರಡು ಬೇರೆ ವ್ಯಾಸದ ಪಿನ್ನುಗಳಿಂದ ಅಳೆಯುವುದು.

20 ಡಿಗ್ರಿ ಗೇರಿಗೆ 3.5 ಪಿನ್ನಿನಲ್ಲಿ 52.951, 4 ಪಿನ್ನಿನಲ್ಲಿ 54.608 ಬರಬೇಕು ಎಂದು ನೋಡಿದೆವು. ಎರಡರ ವ್ಯತ್ಯಾಸ 1.657. ಅದೇ ಲೆಕ್ಕವನ್ನು 14.5 ಡಿಗ್ರಿಗೆ ಮಾಡಿದರೆ 53.022 ಮತ್ತು 54.848, ವ್ಯತ್ಯಾಸ 1.826. ಹಲ್ಲು ಸ್ವಲ್ಪ ದಪ್ಪವೋ ತೆಳುವೋ ಆಗಿದ್ದರೆ ಎರಡೂ ಓದುಗಳು ಹೆಚ್ಚುಕಡಿಮೆ ಒಟ್ಟಿಗೇ ಏರಿಳಿಯುವುದರಿಂದ ವ್ಯತ್ಯಾಸ ಅಷ್ಟಾಗಿ ಅಲುಗುವುದಿಲ್ಲ. ಹಲ್ಲು 0.05 ತೆಳುವಾದರೆ ಅದು 0.01ರಷ್ಟು ಹೆಚ್ಚುತ್ತದೆ, ಅಷ್ಟೇ. ಕೋನ ಬದಲಾದರೆ ಮಾತ್ರ 0.17ರಷ್ಟು ಜಿಗಿಯುತ್ತದೆ. ಒಂದು ಪಿನ್ನಿನ ಓದು ನೋಡಿ 53.02 ಬಂದಾಗ ಇದು ದಪ್ಪ ಹಲ್ಲಿನ 20 ಡಿಗ್ರಿಯೋ, ಸರಿ ಹಲ್ಲಿನ 14.5 ಡಿಗ್ರಿಯೋ ಹೇಳಲಾಗದು. ಎರಡು ಓದುಗಳನ್ನು ಕಳೆದು ನೋಡಿದರೆ ತಕ್ಷಣ ಹೇಳಬಹುದು. ಹಳೆಯ ಗೇರಿನಲ್ಲಿ ಇದನ್ನು ಮಾಡುವಾಗ ಸವೆಯದ ಜಾಗ ಹುಡುಕಿಕೊಳ್ಳಬೇಕು. ಜೊತೆಯ ಗೇರು ಕಿರಿದಾಗಿದ್ದರೆ ಅದು ತಾಗದೆ ಉಳಿದ ಅಂಚಿನ ಪಟ್ಟಿಯಲ್ಲಿ ಹಲ್ಲು ಹುಟ್ಟಿದಾಗಿನ ಆಕಾರ ಹಾಗೇ ಇರುತ್ತದೆ.

ಕೊನೆಗೆ ಒಂದು ಗೊಂದಲ ಉಳಿಯುತ್ತದೆ. ಕೋನ 20 ಎಂದು ಗೊತ್ತಾಯಿತು, ಹಲ್ಲು ಸವೆದಿಲ್ಲ, ಆದರೂ ಹಳೆಯ ಗೇರಿನ ಓದು 52.951ಕ್ಕಿಂತ 0.3 ಮಿ.ಮೀ. ಹೆಚ್ಚು ಬರುತ್ತಿದೆ. ಇಂಥಲ್ಲಿ ಹಳೆಯ ಗೇರು ತಪ್ಪು ಎಂದು ತೀರ್ಮಾನಿಸಬಾರದು. ಹೊರವ್ಯಾಸವನ್ನು ಮತ್ತೊಮ್ಮೆ ಅಳೆಯಬೇಕು. ಅದೂ 52ರ ಬದಲು 52.4 ಇದ್ದರೆ ಅದು ಕರೆಕ್ಟೆಡ್ ಗೇರು, ಅಂದರೆ ತಯಾರಿಸಿದವರು ಕಟರನ್ನು ಬೇಕೆಂದೇ ಹೊರಗೆ ಸರಿಸಿ ಹಲ್ಲನ್ನು ದಪ್ಪ ಮಾಡಿದ್ದಾರೆ. 20 ಡಿಗ್ರಿಯಲ್ಲಿ 17ಕ್ಕಿಂತ ಕಡಿಮೆ ಹಲ್ಲಿರುವ ಗೇರುಗಳಲ್ಲಿ ಬುಡ ಕೊರೆದುಹೋಗದಿರಲಿ ಎಂದು, ಬೇರೆ ಗೇರುಗಳಲ್ಲಿ ನಿಗದಿಯಾದ ಕೇಂದ್ರದೂರಕ್ಕೆ ಹೊಂದಲಿ ಎಂದು ಹೀಗೆ ಮಾಡುತ್ತಾರೆ. ಮಾಡ್ಯೂಲಿನ ಹತ್ತನೇ ಒಂದರಷ್ಟು, ಇಲ್ಲಿ 0.2 ಮಿ.ಮೀ., ಸರಿಸಿದರೆ ಹಲ್ಲು 0.146 ದಪ್ಪವಾಗುತ್ತದೆ, ಓದು 0.33ರಷ್ಟು ಏರುತ್ತದೆ. ಅಂಥ ಗೇರಿಗೆ ಬದಲಿ ಮಾಡುವಾಗ ಪುಸ್ತಕದ 3.142ನ್ನು ಬದಿಗಿಟ್ಟು, ಹಳೆಯ ಗೇರಿನ ಸವೆಯದ ಜಾಗದ ಓದನ್ನೇ ಗುರಿಯಾಗಿಟ್ಟುಕೊಂಡು ಕತ್ತರಿಸಬೇಕು. ಬರೆದಿಡುವಾಗ ಓದಿನ ಪಕ್ಕದಲ್ಲೇ ಪಿನ್ನಿನ ವ್ಯಾಸವನ್ನೂ ಬರೆಯಬೇಕು. ಯಾವ ಪಿನ್ನು ಎಂದು ಹೇಳದ 52.79ರಿಂದ ನಾಳೆ ಆ ಗೇರನ್ನು ಕತ್ತರಿಸುವವನಿಗೆ ಹಲ್ಲಿನ ದಪ್ಪ ತಿಳಿಯುವುದಿಲ್ಲ.